ಸೋಮವಾರ ಇರಲೇ ಇಲ್ಲ ಅಮ್ಮಾ

"ಅಣ್ಣಾ, ನಾನು ಹೊಸನಗರದ ಕಡೆಯವನು, ಸದ್ಯ ಶಿವಮೊಗ್ಗದಲ್ಲಿದ್ದೇನೆ. ಸೆಪ್ಟೆಂಬರ್‌ನಲ್ಲಿ ಕೆಲಸಕ್ಕೆ ಆಕ್ಲೆಂಡಿಗೆ ಬರುತ್ತಿದ್ದೇನೆ. ಬಂದ ಕೂಡಲೇ ಸ್ಯಾನ್ ಫ್ರಾನ್ಸಿಸ್ಕೋಗೆ ಕಳಿಸುತ್ತಾರಂತೆ. ಅಕ್ಟೋಬರ್ 9, ಶುಕ್ರವಾರ ರಾತ್ರಿ ಹೊರಡುವುದು, 10ರಿಂದ 17ರವರೆಗೆ ಹೋಟೆಲ್, 17ರ ರಾತ್ರಿ ಹೊರಟು ಭಾನುವಾರ ಮನೆಯಲ್ಲಿ ನಿದ್ದೆ, ಸೋಮವಾರ ಆಫೀಸು ಅಂತ ಹಾಕಿಕೊಂಡಿದ್ದೇನೆ. ನಡುವೆ ದಿನಾಂಕ ರೇಖೆ ದಾಟುತ್ತದೆ ಅನ್ನುತ್ತಾರೆ. ನನ್ನ ಲೆಕ್ಕ ಸರಿ ಇದೆಯಾ? ಅಲ್ಲಿ ಇರುವವರು ದಿನ ತಪ್ಪದ ಹಾಗೆ ಹೇಗೆ ನೋಡಿಕೊಳ್ಳುತ್ತೀರಿ?"

ಎರಡು ಕಡೆ ತಪ್ಪಿದೆ ಮಾರಾಯ. ಹೋಗುವಾಗ ಒಂದು ರಾತ್ರಿಗೆ ನಿನಗೆ ಹೋಟೆಲ್ ರೂಮಿಲ್ಲ, ಬರುವಾಗ ನಿನಗೆ ಭಾನುವಾರವೇ ಇಲ್ಲ.

ನಾನೀಗ ರಜೆಗೆ ತೀರ್ಥಹಳ್ಳಿಗೆ ಬಂದಿದ್ದೇನೆ. ಮೂರು ದಿನದಿಂದ ಮಳೆ ಬಿಟ್ಟಿಲ್ಲ, ತೋಟಕ್ಕೆ ಔಷಧಿ ಹೊಡೆಯುವವರು ಬಂದು ಜಗಲಿಯಲ್ಲಿ ಕಾಫಿ ಕುಡಿದು ಹೋದರು. ಪುರುಸೊತ್ತಿದೆ, ಹಾಗಾಗಿ ನಿನ್ನ ಪ್ರಯಾಣವನ್ನೇ ಹಿಡಿದು ಹೇಳುತ್ತೇನೆ.

ಮೊದಲು ದಿಕ್ಕು. ಅಮೆರಿಕ ಎಂದರೆ ಪಶ್ಚಿಮ ಅಂತ ಶಾಲೆಯ ಭೂಪಟದಿಂದಲೇ ನಮ್ಮ ತಲೆಯಲ್ಲಿ ಕೂತಿದೆ. ಆದರೆ ಆಕ್ಲೆಂಡಿನಿಂದ ಹೊರಟ ವಿಮಾನ ಅಮೆರಿಕಕ್ಕೆ ಹೋಗುವುದು ಪೂರ್ವಕ್ಕೆ. ಪೂರ್ವಕ್ಕೆ ಹೋಗುತ್ತಾ ಆ ರೇಖೆ ದಾಟಿದರೆ ತಾರೀಕು ಒಂದು ದಿನ ಹಿಂದಕ್ಕೆ ಬರುತ್ತದೆ, ಅಂದರೆ ಅದೇ ತಾರೀಕು ಎರಡು ಸಲ ಸಿಗುತ್ತದೆ. ಪಶ್ಚಿಮಕ್ಕೆ ದಾಟಿದರೆ ಒಂದು ತಾರೀಕು ಹಾರಿಹೋಗುತ್ತದೆ. ದಿಕ್ಕು ತಲೆಕೆಳಗಾದವನ ಲೆಕ್ಕ ಒಂದಲ್ಲ, ಎರಡು ದಿನ ತಪ್ಪುತ್ತದೆ.

ಅಕ್ಟೋಬರ್‌ನಲ್ಲಿ ಆಕ್ಲೆಂಡು ಸ್ಯಾನ್ ಫ್ರಾನ್ಸಿಸ್ಕೋಗಿಂತ 20 ಗಂಟೆ ಮುಂದೆ. ಶುಕ್ರವಾರ ರಾತ್ರಿ 8ಕ್ಕೆ ವಿಮಾನ ಹೊರಟಿತು, ದಾರಿ 12 ಗಂಟೆ ಅಂತ ಇಟ್ಟುಕೋ. ಇಳಿಯುವಾಗ ಆಕ್ಲೆಂಡಿನಲ್ಲಿ ಶನಿವಾರ ಬೆಳಗ್ಗೆ 8. ಅದರಲ್ಲಿ 20 ಗಂಟೆ ಕಳೆದರೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಶುಕ್ರವಾರ, ಅದೇ 9ನೇ ತಾರೀಕು, ಮಧ್ಯಾಹ್ನ 12. ನೀನು ಹೊರಡುವುದಕ್ಕಿಂತ ಎಂಟು ಗಂಟೆ ಮೊದಲೇ ತಲುಪಿದೆ! ರಾತ್ರಿ ವಿಮಾನ ಅಂದಮೇಲೆ ಮರುದಿನ ಬೆಳಗ್ಗೆ ಇಳಿಯುವುದು ಅಂತ ನೀನು ಅಂದಾಜು ಹಾಕಿದ್ದೀಯ, ಶಿವಮೊಗ್ಗದಿಂದ ಬೆಂಗಳೂರಿಗೆ ರಾತ್ರಿ ಬಸ್ಸು ಹತ್ತಿದ ಹಾಗೆ. ಇಲ್ಲಿ ಅದು ನಡೆಯುವುದಿಲ್ಲ. ಚೆಕ್-ಇನ್ 9ರಿಂದ ಹಾಕು. 9ರಿಂದ 17 ಅಂದರೆ ಎಂಟು ರಾತ್ರಿ, ನೀನು ಹಾಕಿರುವುದು ಏಳು.

ಬರುವಾಗ 17, ಶನಿವಾರ ರಾತ್ರಿ 10ಕ್ಕೆ ಹೊರಡುವುದು, ದಾರಿ ಸುಮಾರು 13 ಗಂಟೆ. ಇಳಿಯುವಾಗ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಭಾನುವಾರ ಬೆಳಗ್ಗೆ 11. ಅದಕ್ಕೆ 20 ಗಂಟೆ ಕೂಡಿಸು: ಆಕ್ಲೆಂಡಿನಲ್ಲಿ 19, ಸೋಮವಾರ ಬೆಳಗ್ಗೆ 7. ವಿಮಾನ ನಿಲ್ದಾಣದಿಂದ ನೇರ ಆಫೀಸಿಗೆ ಹೋಗಬೇಕು, ಬ್ಯಾಗು ಎಳೆದುಕೊಂಡು.

ಈ ಕೂಡಿಸಿ ಕಳೆಯುವ ಲೆಕ್ಕ ಒಂದು ಟಿಕೆಟ್ಟಿಗೆ ಸಾಕು. ನಾಲ್ಕೈದು ಊರಿನ ಉದ್ದ ಪ್ರಯಾಣಕ್ಕೆ ನಾನು ಒಂದು ಹಳೇ ನೋಟ್‌ಬುಕ್ಕನ್ನೇ ನಂಬುವುದು. ಅದರಲ್ಲಿ ಪ್ರತಿ ಸಾಲಿಗೂ ಎರಡು ಸಮಯ ಬರೆಯುತ್ತೇನೆ. ಎಡಗಡೆ ಆ ಊರಿನ ವಾರ, ತಾರೀಕು, ಗಂಟೆ. ಬಲಗಡೆ ಊರಿನ ಗಡಿಯಾರ, ಅಂದರೆ ತೀರ್ಥಹಳ್ಳಿಯ ನಮ್ಮನೆ ಗೋಡೆಯ ಮೇಲೆ ಅದೇ ಕ್ಷಣದಲ್ಲಿ ಎಷ್ಟು ಗಂಟೆ ಅನ್ನುವುದು. ಅಕ್ಟೋಬರ್‌ನಲ್ಲಿ ಆಕ್ಲೆಂಡು ನಮ್ಮೂರಿಗಿಂತ ಏಳೂವರೆ ಗಂಟೆ ಮುಂದೆ, ಸ್ಯಾನ್ ಫ್ರಾನ್ಸಿಸ್ಕೋ ಹನ್ನೆರಡೂವರೆ ಗಂಟೆ ಹಿಂದೆ. ನಿನ್ನ ಪುಟ ಹೀಗಿರುತ್ತದೆ:

ಆಕ್ಲೆಂಡ್ ಬಿಡುವುದು, ಶುಕ್ರ 9, ರಾತ್ರಿ 8.00 — ಊರಲ್ಲಿ ಶುಕ್ರ 9, ಮಧ್ಯಾಹ್ನ 12.30
ಸ್ಯಾ.ಫ್ರಾ. ತಲುಪುವುದು, ಶುಕ್ರ 9, ಮಧ್ಯಾಹ್ನ 12.00 — ಊರಲ್ಲಿ ಶನಿ 10, ನಡುರಾತ್ರಿ 12.30
ಸ್ಯಾ.ಫ್ರಾ. ಬಿಡುವುದು, ಶನಿ 17, ರಾತ್ರಿ 10.00 — ಊರಲ್ಲಿ ಭಾನು 18, ಬೆಳಗ್ಗೆ 10.30
ಆಕ್ಲೆಂಡ್ ತಲುಪುವುದು, ಸೋಮ 19, ಬೆಳಗ್ಗೆ 7.00 — ಊರಲ್ಲಿ ಭಾನು 18, ರಾತ್ರಿ 11.30

ಬಲಗಡೆಯ ಸಾಲನ್ನು ಮೇಲಿನಿಂದ ಕೆಳಗೆ ಓದು. ಎಲ್ಲೂ ದಿನ ಹಾರುವುದಿಲ್ಲ, ಮರಳುವುದೂ ಇಲ್ಲ. ಊರಲ್ಲಿ ಊಟದ ಹೊತ್ತಿಗೆ ಹೊರಟು ನಡುರಾತ್ರಿಗೆ ಇಳಿದೆ, ಹನ್ನೆರಡು ಗಂಟೆ. ಭಾನುವಾರ ಬೆಳಗ್ಗೆ ಹತ್ತೂವರೆಗೆ ಹೊರಟು ರಾತ್ರಿ ಹನ್ನೊಂದೂವರೆಗೆ ಇಳಿದೆ, ಹದಿಮೂರು ಗಂಟೆ. ಟಿಕೆಟ್ಟಿನಲ್ಲಿ ಹಾರಾಟದ ಅವಧಿ ಬರೆದಿರುತ್ತದೆ. ಬಲಗಡೆಯ ಎರಡು ಸಾಲಿನ ಅಂತರ ಅದಕ್ಕೆ ಹೊಂದಬೇಕು. ಹೊಂದದಿದ್ದರೆ ನೀನು ತಪ್ಪಿದ್ದೀಯ, ಸಾಮಾನ್ಯವಾಗಿ ಸರಿಯಾಗಿ 24 ಗಂಟೆಯೇ ತಪ್ಪಿರುತ್ತದೆ. ಇದಕ್ಕಿಂತ ಒಳ್ಳೆಯ ಪರೀಕ್ಷೆ ನನಗೆ ಇಷ್ಟು ವರ್ಷದಲ್ಲಿ ಸಿಕ್ಕಿಲ್ಲ.

ಹೋಟೆಲ್, ಕಾರು, ಸ್ನೇಹಿತರಿಗೆ ಹೇಳುವ ದಿನ, ಇವೆಲ್ಲ ಎಡಗಡೆಯಿಂದ. ಹಾರಾಟದ ಅವಧಿ, ಮನೆಗೆ ಫೋನು, ಇವೆಲ್ಲ ಬಲಗಡೆಯಿಂದ. ಎರಡನ್ನೂ ಬೆರೆಸಬೇಡ.

ಟಿಕೆಟ್ಟಿನಲ್ಲಿ ಹೊರಡುವ ಸಮಯ ಹೊರಡುವ ಊರಿನದು, ತಲುಪುವ ಸಮಯ ತಲುಪುವ ಊರಿನದು. ತಲುಪುವ ಸಮಯದ ತಲೆಯ ಮೇಲೆ ಇರುವೆಯಷ್ಟು ದೊಡ್ಡದಾಗಿ +2 ಅಂತ ಇರುತ್ತದೆ, ಅಂದರೆ ಹೊರಟ ತಾರೀಕಿಗಿಂತ ಎರಡು ದಿನ ಮುಂದಿನ ತಾರೀಕು. ನಿನ್ನ ವಾಪಸ್ ಟಿಕೆಟ್ಟಿನಲ್ಲಿ ಹುಡುಕು, ಇರಬೇಕು. ಹೋಗುವ ಟಿಕೆಟ್ಟಿನಲ್ಲಿ ಏನೂ ಇರುವುದಿಲ್ಲ, ಯಾಕೆಂದರೆ ತಾರೀಕು ಅದೇ. ಆ ಖಾಲಿ ಜಾಗವನ್ನು ಯಾರೂ ಓದುವುದಿಲ್ಲ.

ಆ +2 ನೋಡದೆ ನಾನು ಪಟ್ಟ ಪಾಡು ಹೇಳುತ್ತೇನೆ. ಅಪ್ಪ ಹೋದ ಮೇಲೆ ಎರಡನೇ ವರ್ಷದ ಶ್ರಾದ್ಧ. ಮಂಗಳವಾರ ಆಕ್ಲೆಂಡಿನ ಮನೆಯಲ್ಲೇ ಮಾಡುವುದು ಅಂತ ಭಟ್ಟರಿಗೆ ಹೇಳಿಯಾಗಿತ್ತು. ಕೆಲಸದ ಮೇಲೆ ಲಾಸ್ ಏಂಜಲೀಸಿಗೆ ಹೋದವನು ಭಾನುವಾರ ರಾತ್ರಿ ಹೊರಟೆ. ಸೋಮವಾರ ಇಳಿದು, ಒಪ್ಪತ್ತು ಮಾಡಿ, ಮಂಗಳವಾರ ಕೂರುವುದು ಅಂತ ನನ್ನ ಎಣಿಕೆ. ಇಳಿದು ಫೋನು ತೆರೆದರೆ ಹೆಂಡತಿಯದು ಆರು ಕರೆ. ಮಂಗಳವಾರ ಬೆಳಗ್ಗೆ ಏಳೂವರೆ. ಭಟ್ಟರು ಆಗಲೇ ಮನೆಗೆ ಬಂದು ದರ್ಭೆ ಬಿಚ್ಚಿ ಕೂತಿದ್ದಾರೆ. ವಿಮಾನದಲ್ಲಿ ನಾನು ಎರಡು ಸಲ ಊಟ ಮಾಡಿಯಾಗಿದೆ.

ಸಂಜೆ ಅಮ್ಮನಿಗೆ ಫೋನು ಮಾಡಿದೆ.

"ಸೋಮವಾರ ಒಪ್ಪತ್ತು ಮಾಡಿದ್ಯೇನೋ?"

"ಸೋಮವಾರ ಇರಲೇ ಇಲ್ಲ ಅಮ್ಮಾ."

"ಇಲ್ಲಿ ಇತ್ತಲ್ಲೋ, ನಾನೇ ಕಂಡಿದ್ದೇನೆ."

ವಿವರಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಪಂಚಾಂಗದಲ್ಲಿ ಕ್ಷಯ ತಿಥಿ ಕೇಳಿದ್ದೆ, ಕ್ಷಯ ವಾರ ಇದೇ ಮೊದಲು" ಅಂದಳು. ತಮಾಷೆಗೆ ಅಂದದ್ದೋ ಬೇಸರಕ್ಕೋ ಗೊತ್ತಾಗಲಿಲ್ಲ. ಆದರೆ ಮಾತು ಸರಿಯಾದದ್ದೇ. ತಿಥಿ ಸೂರ್ಯ ಚಂದ್ರರ ನಡುವಿನ ಕೋನದ ಲೆಕ್ಕ, ಅದು ತೀರ್ಥಹಳ್ಳಿಗೂ ಆಕ್ಲೆಂಡಿಗೂ ಒಂದೇ ಕ್ಷಣದಲ್ಲಿ ಮುಗಿಯುತ್ತದೆ. ಹಾರಿಹೋಗುವುದು ವಾರ ಮತ್ತು ತಾರೀಕು ಮಾತ್ರ, ಅದೂ ರೇಖೆ ದಾಟಿದವನಿಗೆ ಮಾತ್ರ.

ಹೀಗೆ ಪೆಟ್ಟು ತಿಂದವನು ನಾನೊಬ್ಬನೇ ಅಲ್ಲ. ಮೆಗಲನ್ ಜೊತೆ ಹೊರಟು ಭೂಮಿ ಸುತ್ತಿದ ಹಡಗು 1522ರ ಜುಲೈನಲ್ಲಿ ಕೇಪ್ ವರ್ಡ್ ದ್ವೀಪಕ್ಕೆ ಬಂತು. ಹಡಗಿನ ದಿನಚರಿಯಲ್ಲಿ ಬುಧವಾರ, ದಡದ ಮೇಲೆ ಗುರುವಾರ. ಒಂದು ದಿನವೂ ಬಿಡದೆ ಬರೆದಿದ್ದೇನಲ್ಲ ಅಂತ ದಿನಚರಿ ಬರೆಯುತ್ತಿದ್ದ ಪಿಗಫೆಟ್ಟನಿಗೆ ಆಶ್ಚರ್ಯ. ಅವರು ಪೂರ್ತಿ ಪಶ್ಚಿಮಕ್ಕೇ ಹೋಗಿದ್ದರು. ಸೂರ್ಯನ ಬೆನ್ನು ಹತ್ತಿ ಹೋದಂತೆ ಅವರ ಒಂದೊಂದು ದಿನವೂ ಚೂರು ಚೂರು ಉದ್ದವಾಗಿ, ಕೊನೆಗೆ ಒಂದು ಸೂರ್ಯೋದಯವೇ ಕಡಿಮೆ ಬಿತ್ತು. ಬಲಗಡೆಯ ಸಾಲು ಬರೆಯಲು ಅವರ ಹತ್ತಿರ ಊರಿನ ಗಡಿಯಾರ ಇರಲಿಲ್ಲ.

ಆ 20 ಗಂಟೆಯನ್ನು ಬಾಯಿಪಾಠ ಮಾಡಿಕೊಳ್ಳಬೇಡ. ನ್ಯೂಜಿಲೆಂಡು, ಅಮೆರಿಕ ಎರಡೂ ಬೇಸಿಗೆಗೆ ಗಡಿಯಾರ ಒಂದು ಗಂಟೆ ಮುಂದಿಡುತ್ತವೆ, ಆದರೆ ಇಬ್ಬರ ಬೇಸಿಗೆ ಬೇರೆ ಬೇರೆ. ಹಾಗಾಗಿ ಜುಲೈನಲ್ಲಿ ಈ ಅಂತರ 19, ಅಕ್ಟೋಬರ್‌ನಲ್ಲಿ 20, ಡಿಸೆಂಬರ್‌ನಲ್ಲಿ 21. ನಮ್ಮೂರ ಗಡಿಯಾರ ಮಾತ್ರ ವರ್ಷವಿಡೀ ಅಲುಗುವುದಿಲ್ಲ, ಬಲಗಡೆಗೆ ಅದನ್ನೇ ಇಟ್ಟುಕೊಳ್ಳುವುದಕ್ಕೆ ಅದೂ ಒಂದು ಕಾರಣ.

ಭೂಪಟದಲ್ಲಿ ಹತ್ತಿರ ಕಂಡ ದ್ವೀಪಗಳನ್ನೂ ನಂಬಬೇಡ. ಆಕ್ಲೆಂಡಿಗೆ ಹೋದವರೆಲ್ಲ ಒಮ್ಮೆ ರಾರೊಟೊಂಗಕ್ಕೆ ಹೋಗುತ್ತಾರೆ, ನಾಲ್ಕು ಗಂಟೆಯೊಳಗಿನ ದಾರಿ. ಆದರೆ ಅದು ರೇಖೆಯ ಆಚೆ ಇದೆ. ಬೇಸಿಗೆಯಲ್ಲಿ ಶನಿವಾರ ಬೆಳಗ್ಗೆ ಹೊರಟರೆ ಅಲ್ಲಿ ಶುಕ್ರವಾರ ಮಧ್ಯಾಹ್ನ. ರೇಖೆ ನೇರವಾಗಿಲ್ಲ, ಆಯಾ ದೇಶದವರು ತಮಗೆ ಬೇಕಾದ ಕಡೆ ಸೇರಿಕೊಳ್ಳುತ್ತಾರೆ. ಸಮೋವಾ ದೇಶದವರು 2011ರ ಡಿಸೆಂಬರ್ 30ನ್ನು ಪೂರ್ತಿ ಬಿಟ್ಟು ನ್ಯೂಜಿಲೆಂಡಿನ ಕಡೆಗೆ ಬಂದರು, ವ್ಯಾಪಾರವೆಲ್ಲ ಈ ಕಡೆಯೇ ಅಂತ. ಪಕ್ಕದ ಅಮೆರಿಕನ್ ಸಮೋವಾ ಅಲ್ಲೇ ಉಳಿಯಿತು. ಈಗ ಎರಡೂ ಕಡೆ ಗಂಟೆ ಒಂದೇ, ತಾರೀಕು ಬೇರೆ.

ಫೋನಿನ ಕ್ಯಾಲೆಂಡರ್ ಬಗ್ಗೆ ಒಂದು ಮಾತು. ಶಿವಮೊಗ್ಗದಲ್ಲಿ ಕೂತು "ಸೋಮವಾರ 12, ಬೆಳಗ್ಗೆ 9ಕ್ಕೆ ಮೀಟಿಂಗ್" ಅಂತ ಹಾಗೇ ಹಾಕಿದರೆ ಫೋನು ಅದನ್ನು ನಮ್ಮೂರ 9 ಅಂತ ತಿಳಿಯುತ್ತದೆ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅದು ಭಾನುವಾರ ರಾತ್ರಿ 8.30 ಆಗಿ ಕೂರುತ್ತದೆ. ಹಾಕುವಾಗಲೇ ಆ ಊರಿನ ಸಮಯ ಅಂತ ಆರಿಸಬೇಕು, ವಿಮಾನಕ್ಕಾದರೆ ಆರಂಭಕ್ಕೆ ಒಂದು ಊರು, ಮುಕ್ತಾಯಕ್ಕೆ ಇನ್ನೊಂದು.

ಈಗ ನಿನ್ನ ಸೋಮವಾರ. ಸಾಧ್ಯವಾದರೆ 16, ಶುಕ್ರವಾರ ರಾತ್ರಿಯೇ ಹೊರಡು, 18, ಭಾನುವಾರ ಬೆಳಗ್ಗೆ 7ಕ್ಕೆ ಇಳಿಯುತ್ತೀಯ, ನಿದ್ದೆ ಸಿಗುತ್ತದೆ. ಆಗ ಹೋಟೆಲ್ 9ರಿಂದ 16, ಏಳೇ ರಾತ್ರಿ. ನೀನು ಹಾಕಿದ ಎಣಿಕೆಯೇ, ಒಂದು ದಿನ ಹಿಂದಕ್ಕೆ. ಆಫೀಸಿನವರು 17ರ ಟಿಕೆಟ್ಟೇ ಕೊಟ್ಟರೆ ಸೋಮವಾರ ರಜೆ ಅಂತ ಈಗಲೇ ಬರೆಸಿಕೋ. ಆಕ್ಲೆಂಡಿನಲ್ಲಿ ಅಷ್ಟರೊಳಗೆ ಮನೆ ಆಗಿರದೆ ರೂಮು ಹಿಡಿಯುವುದಾದರೆ ಬೆಳಗ್ಗೆ 7ಕ್ಕೆ ಯಾರೂ ಕೀಲಿ ಕೊಡುವುದಿಲ್ಲ. ಹಿಂದಿನ ರಾತ್ರಿಯಿಂದಲೇ ಹಾಕಿ, ಬರುವುದು ಮರುದಿನ ಬೆಳಗ್ಗೆ ಅಂತ ತಿಳಿಸಿಡು. ತಿಳಿಸದಿದ್ದರೆ ಬರಲಿಲ್ಲ ಅಂತ ಇಡೀ ಬುಕಿಂಗ್ ಕಿತ್ತುಹಾಕುವವರೂ ಇದ್ದಾರೆ.

ಟಿಕೆಟ್ ಕೈಗೆ ಬಂದ ಮೇಲೆ ನಾಲ್ಕು ಸಾಲು ಬರೆದು ಫೋಟೋ ಕಳಿಸು, ಬಲಗಡೆ ಮಾತ್ರ ನೋಡುತ್ತೇನೆ. ಆಗಸ್ಟ್ ಕೊನೆಯವರೆಗೆ ಇಲ್ಲೇ ಇರುತ್ತೇನೆ, ರಾತ್ರಿ ಎಂಟರ ನಂತರ ಕರೆಂಟ್ ಇದ್ದರೆ ಸಿಗುತ್ತೇನೆ.