ಒತ್ತಕ್ಷರದ ಮುಂದೆ ನಿಲ್ಲುವ ಮಕ್ಕಳು

ಪ್ರಶ್ನೆ: ನನ್ನದು 1ರಿಂದ 3ನೇ ತರಗತಿ ಒಟ್ಟಿಗಿರುವ ನಲಿ-ಕಲಿ ಕೊಠಡಿ. ಮೂರನೇ ತರಗತಿಯ ಒಬ್ಬ ಹುಡುಗಿ, ಒಬ್ಬ ಹುಡುಗ ಒತ್ತಕ್ಷರ ಬಂದರೆ ತಡವರಿಸುತ್ತಾರೆ. ಇಬ್ಬರಿಗೂ ಒಂದೇ ಅಂಕ. ಒಟ್ಟಿಗೆ ಕೂರಿಸಿ ಕಲಿಸಲೇ?

ಉತ್ತರ: ಬೇಡ. ಈ ‘ಒಂದೇ ಅಂಕ’ದ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ. ಮಗು ತಾನಾಗಿ ಮಾಡುವುದಕ್ಕೂ ಸಹಾಯ ಸಿಕ್ಕರೆ ಮಾಡುವುದಕ್ಕೂ ನಡುವಿನ ಅಂತರವೇ ಝಡ್‌ಪಿಡಿ ಎಂದು ಡಿ.ಎಡ್‌ನಲ್ಲಿ ಬಾಯಿಪಾಠ ಮಾಡಿದ್ದೀರಲ್ವಾ? ಅದನ್ನು ಹೇಳಿದ ಮನೋವಿಜ್ಞಾನಿ ವೈಗಾಟ್‌ಸ್ಕಿ ಕೊಟ್ಟ ಉದಾಹರಣೆಯೇ ಇದು. ಪರೀಕ್ಷೆಯಲ್ಲಿ ಇಬ್ಬರು ಮಕ್ಕಳೂ 8 ವರ್ಷದವರ ಮಟ್ಟದಲ್ಲಿದ್ದರು. ಸ್ವಲ್ಪ ಸಹಾಯ ಸಿಕ್ಕಾಗ ಒಂದು ಮಗು 12ರ ಮಟ್ಟದ ಲೆಕ್ಕ ಬಿಡಿಸಿತು, ಇನ್ನೊಂದು 9ರಲ್ಲೇ ನಿಂತಿತು.

ಹಾಗಾಗಿ ಸುಳಿವು ಕೊಟ್ಟು ಓದಿಸಿ ನೋಡಿ. ‘ಪುಸ್ತಕ’ ಎಂಬ ಪದ ಕೊಡಿ. ಮಗು ‘ಪುಸಕ’ ಎಂದರೆ ತಿದ್ದಬೇಡಿ, ಮನಸ್ಸಿನಲ್ಲೇ ಐದು ಎಣಿಸಿ ಕಾಯಿರಿ. ಆಗಲಿಲ್ಲವೇ, ಒತ್ತಿನ ಕೆಳಗೆ ಬೆರಳಿಡಿ. ಅದೂ ಸಾಲದಿದ್ದರೆ ‘ಸ್, ತ’ ಎಂದು ಬಿಡಿಸಿ ಹೇಳಿ. ಇಡೀ ಪದ ಹೇಳಿಕೊಡುವುದು ಕಟ್ಟಕಡೆಗೆ. ಯಾವ ಸುಳಿವಿಗೆ ಬಂತು ಎಂದು ಬರೆದುಕೊಳ್ಳಿ. ಅಂಕಕ್ಕಿಂತ ಆ ಟಿಪ್ಪಣಿ ಜಾಸ್ತಿ ಹೇಳುತ್ತದೆ.

ಹುಡುಗಿ ಬೆರಳಿಟ್ಟ ಕೂಡಲೇ ಸರಿಯಾಗಿ ಓದಿದಳು ಎಂದುಕೊಳ್ಳಿ. ಅವಳಿಗೆ ನೀವು ಬೇಕಿಲ್ಲ, ಗೆಳೆಯರ ಬೆಂಬಲದ ಗುಂಪು ಸಾಕು. ಒತ್ತಕ್ಷರ ಬಲ್ಲ ಎರಡನೇ ತರಗತಿಯ ಮಗು ಪಕ್ಕ ಕೂತರೂ ನಡೆಯುತ್ತದೆ. ಆದರೆ ಆ ಮಗುವಿಗೆ ಮೊದಲು ಕಲಿಸಿ: ಕಾಯಬೇಕು, ಬೆರಳಿಡಬೇಕು, ಪದ ಹೇಳಬಾರದು. ಈ ಯೋಜನೆ ಸೋಲುವುದು ಬಹುತೇಕ ಇಲ್ಲೇ. ಪಕ್ಕದವರು ಪಿಸುಗುಟ್ಟುತ್ತಾರೆ, ಇವಳು ಗಿಳಿಪಾಠ ಒಪ್ಪಿಸುತ್ತಾಳೆ. ಅನುಮಾನ ಬಂದರೆ ‘ರಸ್ತೆ’, ‘ಬಸ್ತಿ’ ಸೇರಿಸಿ, ಚಿತ್ರವಿಲ್ಲದ ಹೊಸ ವಾಕ್ಯ ಬರೆದು ಕೊಡಿ. ತಕ್ಷಣ ಗೊತ್ತಾಗುತ್ತದೆ.

ಹುಡುಗನಿಗೆ ಬಿಡಿಸಿ ಹೇಳಿದರೂ ಬರಲಿಲ್ಲ, ಮೇಲಾಗಿ ‘ಪು’ವನ್ನು ‘ಪ’ ಎಂದ. ಅವನ ತೊಡಕು ಒತ್ತಕ್ಷರದ್ದಲ್ಲ, ಕಾಗುಣಿತದ್ದು. ಒತ್ತಕ್ಷರ ಸದ್ಯಕ್ಕೆ ಅವನ ಕೈಗೆ ಎಟುಕುವ ದೂರದಲ್ಲಿಲ್ಲ. ಅವನನ್ನು ಶಿಕ್ಷಕರ ಪೂರ್ಣ ಬೆಂಬಲದ ಗುಂಪಿಗೆ ತನ್ನಿ. ನಲಿ-ಕಲಿಯ ಕಲಿಕಾ ಏಣಿಯಲ್ಲಿ ಕೆಳಗಿನ ಮೈಲಿಗಲ್ಲಿಗೆ ಇಳಿಸಲು ಸಂಕೋಚ ಬೇಡ. ದಿನಕ್ಕೆ ಹತ್ತು ನಿಮಿಷ, ‘ಪಟ, ಪುಟ’, ‘ಕರಿ, ಕುರಿ’ಯಂಥ ಜೋಡಿಗಳು. ಆ ಹೊತ್ತಿನಲ್ಲಿ ಉಳಿದ ಗುಂಪುಗಳು ತಮ್ಮ ಪಾಡಿಗೆ ಮಾಡಿಕೊಳ್ಳುವ ಕೆಲಸದಲ್ಲಿರಲಿ.

ಸುಳಿವನ್ನು ಹಿಂತೆಗೆಯುವುದನ್ನೂ ಯೋಜನೆಯಲ್ಲಿ ಬರೆಯಿರಿ. ಹೊಸ ಪದಗಳಲ್ಲೂ ಸತತ ಮೂರು ದಿನ ಬೆರಳಿಲ್ಲದೆ ಓದಿದರೆ ಬೆರಳು ಬಿಡಿ. ವಾರಗಳಾದರೂ ಅದೇ ಸುಳಿವು ಬೇಕಾಗುತ್ತಿದ್ದರೆ ಆರಿಸಿದ ಹಂತವೇ ತಪ್ಪು. ಅದಕ್ಕೂ ಮೊದಲು ಕಣ್ಣು, ಕಿವಿ ತಪಾಸಣೆ ಮಾಡಿಸಿ. ಈ ವಿಷಯದಲ್ಲಿ ನಾನು ಅತಿಯಾಗಿ ಹೆದರುವವನು, ಇರಲಿ.

ಪ್ರಶ್ನೆ: ಕಾಗುಣಿತ ದಿನಾ ಹತ್ತು ಸಲ ಬರೆಸಿದರೆ ಓದು ಬರುತ್ತಾ?

ಉತ್ತರ: ಕೈ ನೋವು ಬರುತ್ತದೆ.

ಪ್ರಶ್ನೆ: ಕಣ್ಣಿಗೆ ಬಟ್ಟೆ ಕಟ್ಟಿ ಓದಿಸುವ ‘ಮಿಡ್‌ಬ್ರೈನ್’ ಶಿಬಿರಕ್ಕೆ ಮಗನನ್ನು ಸೇರಿಸಲಾ?

ಉತ್ತರ: ಬಟ್ಟೆಯ ಸಂದಿಯಲ್ಲಿ ಇಣುಕುವುದನ್ನು ಕಲಿಯಲು ದುಡ್ಡು ಯಾಕೆ?