‘ನೋಡೋಣ’ ಅಂದು ಕರಗಿದ ಹುಡುಗಿ

*ಮಾನ್ಯ ಸಂಪಾದಕರೇ, ನಾನು ಸಾಫ್ಟ್‌ವೇರ್ ಕೆಲಸದವನು. ಮ್ಯಾಟ್ರಿಮನಿ, ಡೇಟಿಂಗ್ ಆ್ಯಪ್‌ಗಳಲ್ಲಿ ಮಾತಾಡಲು ತಡವರಿಸುವ ಗೆಳೆಯರಿಗಾಗಿ ರಜೆಯಲ್ಲಿ ಒಂದು ಅಭ್ಯಾಸದ ಆ್ಯಪ್ ಮಾಡಿದೆ. ‘ಮ್ಯಾಚ್’ ಆದ ಹುಡುಗಿಯ ಹಾಗೆ ಒಂದು ಎಐ ಮಾಡೆಲ್ ಚಾಟ್ ಮಾಡುತ್ತದೆ, ಕೊನೆಗೆ ಹತ್ತಕ್ಕೆ ಇಷ್ಟು ಅಂತ ಅಂಕ ಕೊಡುತ್ತದೆ. ನಾಲ್ವರು ಒಂದು ತಿಂಗಳು ಬಳಸಿದರು. ಎಲ್ಲರಿಗೂ ಎಂಟು, ಒಂಬತ್ತು ಅಂಕ. ನಿಜವಾದ ಚಾಟ್‌ನಲ್ಲಿ ಮಾತ್ರ ಹಳೇ ಕಥೆಯೇ. ಒಬ್ಬನನ್ನಂತೂ ಹುಡುಗಿ ಬ್ಲಾಕ್ ಮಾಡಿದಳು. ನಾನು ಬರೆದ ಸೂಚನೆಗಳನ್ನೂ ಒಂದು ಚಾಟನ್ನೂ ಕಳಿಸಿದ್ದೇನೆ. ಎಲ್ಲಿ ತಪ್ಪಿದೆ?*

*— ಹೆಸರು ಬೇಡವೆಂದ ಓದುಗ, ಮೈಸೂರು*

ನಿಮ್ಮ ಕಾಗದ ಮೂರು ಸಲ ಓದಿದೆ, ಜೊತೆಗಿದ್ದ ಚಾಟನ್ನು ನಾಲ್ಕು ಸಲ. ನಾಲ್ಕನೇ ಸಲ ಓದುವಾಗ ಪೆನ್ಸಿಲ್ ಹಿಡಿದು ಒಂದು ಕೆಲಸ ಮಾಡಿದೆ. ಎಲ್ಲೆಲ್ಲಿ ಪ್ರಶ್ನೆಚಿಹ್ನೆ ಇದೆಯೋ ಅಲ್ಲೆಲ್ಲ ಗೀಟು ಹಾಕಿದೆ. ಯಂತ್ರದ ಹುಡುಗಿ ಕೇಳಿದ ಪ್ರಶ್ನೆಗಳು ಹದಿನೇಳು. ನಿಮ್ಮ ಗೆಳೆಯ ಕೇಳಿದ್ದು ಎರಡು. ಅದರಲ್ಲಿ ಒಂದು ‘ಊಟ ಆಯ್ತಾ?’

ಅರ್ಧ ಉತ್ತರ ಇಲ್ಲೇ ಇದೆ, ಆದರೆ ನನಗೆ ಇಷ್ಟಕ್ಕೆ ನಿಲ್ಲಿಸುವ ಅಭ್ಯಾಸ ಇಲ್ಲ ಅಂತ ನಮ್ಮ ಓದುಗರಿಗೆ ಗೊತ್ತು.

ಮೊದಲು ನಿಮ್ಮ ಕಡೆಯ ಮಾತು ಆಡಿ ಮುಗಿಸುತ್ತೇನೆ. ಇಂಥದ್ದು ಮಾಡಿದ್ದು ತಪ್ಪೇನಲ್ಲ. ಮಾತು ತೊದಲುವವರಿಗೆ ಅಭ್ಯಾಸ ಮಾಡಿಸುವುದು ಹಳೆಯ ವಿದ್ಯೆ. ಅಮೆರಿಕದ ಮನೋವಿಜ್ಞಾನಿಗಳಾದ ರಿಚರ್ಡ್ ಮ್ಯಾಕ್‌ಫಾಲ್ ಮತ್ತು ಆಲ್ಬರ್ಟ್ ಮಾರ್ಸ್ಟನ್ 1970ರಲ್ಲೇ ಟೇಪಿನಲ್ಲಿ ಒಂದೊಂದು ಸಂದರ್ಭ ಕೇಳಿಸಿ, ‘ಈಗ ನೀವೇನಂತೀರಿ?’ ಅಂತ ಜನರಿಂದ ಬಾಯಿಬಿಟ್ಟು ಉತ್ತರ ಹೇಳಿಸಿ ನೋಡಿದ್ದರು. ಸಂಕೋಚದವರು ಅದರಿಂದ ಸ್ವಲ್ಪ ಗಟ್ಟಿಯಾದರು. 1975ರಲ್ಲಿ ಕ್ರೇಗ್ ಟ್ವೆಂಟಿಮನ್ ಜೊತೆ ಸೇರಿ ಮ್ಯಾಕ್‌ಫಾಲ್ ಇದನ್ನೇ, ಹುಡುಗಿಯರ ಎದುರು ನಾಚುವ ಕಾಲೇಜು ಹುಡುಗರ ಮೇಲೆ ಮಾಡಿದರು. ಅಲ್ಲೂ ಫಲ ಸಿಕ್ಕಿತು. ಹಾಗಾಗಿ ನಿಮ್ಮ ಆ್ಯಪ್‌ಗೆ ಐವತ್ತು ವರ್ಷದ ವಂಶಾವಳಿ ಇದೆ, ಹೆಮ್ಮೆ ಪಡಿ. ಒಂದೇ ವ್ಯತ್ಯಾಸ. ಆ ಟೇಪಿಗೆ ಯಾರನ್ನೂ ಮೆಚ್ಚಿಸಬೇಕಾಗಿರಲಿಲ್ಲ.

ನೀವು ಯಂತ್ರಕ್ಕೆ ಬರೆದ ಸೂಚನೆ ನೋಡಿ: ‘ನೀನು 26 ವರ್ಷದ ಹುಡುಗಿ, ಬ್ಯಾಂಕ್ ಉದ್ಯೋಗಿ, ಟ್ರೆಕ್ಕಿಂಗ್ ಇಷ್ಟ, ಸ್ನೇಹದಿಂದ, ಸಹಜವಾಗಿ ಮಾತಾಡು.’ ಸ್ನೇಹದಿಂದ ಅಂತ ನೀವು ಹೇಳಲೇಬೇಕಿರಲಿಲ್ಲ. ಈ ಮಾಡೆಲ್‌ಗಳನ್ನು ಪಳಗಿಸುವಾಗ ಎರಡು ಉತ್ತರ ತೋರಿಸಿ ಯಾವುದು ಚೆನ್ನಾಗಿದೆ ಅಂತ ಜನರನ್ನು ಕೇಳುತ್ತಾರೆ. ಜನ ಯಾವುದಕ್ಕೆ ಬೆರಳು ತೋರಿಸುತ್ತಾರೆ? ತಮ್ಮ ಮಾತಿಗೆ ತಲೆದೂಗುವ ಉತ್ತರಕ್ಕೆ. ಯಂತ್ರ ಅದನ್ನೇ ಕಲಿಯುತ್ತದೆ. 2025ರ ಏಪ್ರಿಲ್‌ನಲ್ಲಿ ಓಪನ್‌ಎಐ ತನ್ನ ಚಾಟ್‌ಜಿಪಿಟಿಯ ಒಂದು ಹೊಸ ಆವೃತ್ತಿಯನ್ನು ಕೆಲವೇ ದಿನಗಳಲ್ಲಿ ವಾಪಸ್ ತೆಗೆದುಕೊಂಡಿತು. ಕಾರಣ, ಅದು ಬಳಸುವವರನ್ನು ಸಿಕ್ಕಾಪಟ್ಟೆ ಹೊಗಳುತ್ತಿತ್ತು. ಮಾಡಿದವರೇ ನಾಚುವಷ್ಟು ಮುಖಸ್ತುತಿ ಅಂದರೆ ಲೆಕ್ಕ ಹಾಕಿ.

ಹಾಗಾಗಿ ನಿಮ್ಮ ಹುಡುಗಿ ಮಾತು ಸಾಯಲು ಬಿಡುವುದಿಲ್ಲ. ಗೆಳೆಯ ‘ಹೂಂ’ ಅಂದರೆ, ‘ವಾವ್, ಹಾಗಾದರೆ ನಿಮಗೆ ಯಾವ ಬೆಟ್ಟ ಇಷ್ಟ?’ ಅಂತ ಅವಳೇ ಎತ್ತಿ ಕೊಡುತ್ತಾಳೆ. ಇವನು ಒಂದು ತಿಂಗಳು ಕಲಿತದ್ದೇನು? ಉತ್ತರ ಹೇಳುವುದನ್ನು. ಇಂಟರ್‌ವ್ಯೂಗೆ ಸರಿ. ನಿಜವಾದ ಹುಡುಗಿಯ ಫೋನಿನಲ್ಲಿ ಅದೇ ಹೊತ್ತಿಗೆ ಇನ್ನೂ ಎಷ್ಟೋ ಜನರ ‘ಹಾಯ್’ ಕೂತಿರುತ್ತದೆ, ಅಮ್ಮ ಪಕ್ಕದಲ್ಲೇ ಇರುತ್ತಾರೆ, ಬಸ್ಸು ಬರುವ ಹೊತ್ತಾಗಿರುತ್ತದೆ. ಅವಳು ಮೂರು ಗಂಟೆ ಬಿಟ್ಟು ‘ಥ್ಯಾಂಕ್ಸ್’ ಅನ್ನುತ್ತಾಳೆ, ಅಷ್ಟೇ. ನಿಮ್ಮ ಗೆಳೆಯನ ಕೈಯಲ್ಲಿ ಆಗ ಏನೂ ಇರುವುದಿಲ್ಲ.

ಒಂದು ಪರೀಕ್ಷೆ ಮಾಡಿ, ಐದು ನಿಮಿಷ ಸಾಕು. ನಿಮ್ಮ ಆ್ಯಪ್ ತೆಗೆದು ಹತ್ತು ಸಲ ಬರೀ ‘ಹೂಂ’ ಅಂತ ಕಳಿಸಿ. ಹತ್ತನೇ ‘ಹೂಂ’ಗೂ ಅವಳು ಉತ್ಸಾಹದಿಂದ ಪ್ರಶ್ನೆ ಕೇಳುತ್ತಿದ್ದರೆ ಇಡೀ ಮಾತಿನ ಭಾರ ಅವಳೇ ಹೊತ್ತಿದ್ದಾಳೆ ಅಂತ ಅರ್ಥ. ಆಮೇಲೆ ಬೇಕಂತಲೇ ಕೆಟ್ಟ ಚಾಟ್ ಮಾಡಿ. ಎರಡನೇ ಮಾತಿಗೆ ಸಂಬಳ ಕೇಳಿ, ಮೂರನೆಯದಕ್ಕೆ ನಂಬರ್ ಕೇಳಿ, ಉಳಿದಿದ್ದೆಲ್ಲ ನಿಮ್ಮ ಬೈಕಿನ ಬಗ್ಗೆ ಹೇಳಿ. ಅದಕ್ಕೂ ಏಳು ಅಂಕ ಬಂದರೆ ಆ ಅಂಕದ ಕಾಲಂ ಕಿತ್ತು ಹಾಕಿ. ಮಾತಾಡಿದ ಮಾಡೆಲ್ಲೇ ಮಾಸ್ತರಾಗಿ ಕೂತರೆ ಹಾಗೇ ಆಗೋದು. ತನ್ನ ಮನೆಯ ಮದುವೆ ಊಟ ಕೆಟ್ಟದಾಗಿತ್ತು ಅಂತ ಯಾರು ಹೇಳುತ್ತಾರೆ?

ಈಗ ನನ್ನ ಮುಖ್ಯ ತಕರಾರಿಗೆ ಬರುತ್ತೇನೆ. ನಿಮ್ಮ ಚಾಟಿನ ಕೊನೆಯಲ್ಲಿ ಗೆಳೆಯ ಕೇಳುತ್ತಾನೆ, ‘ಭಾನುವಾರ ಕಾಫಿಗೆ ಸಿಗೋಣವಾ?’ ಯಂತ್ರ, ‘ಈ ಭಾನುವಾರ ಸ್ವಲ್ಪ ಕೆಲಸ ಇದೆ, ನೋಡೋಣ’ ಅನ್ನುತ್ತದೆ. ಪರವಾಗಿಲ್ಲ, ಇಲ್ಲಿ ಚೆನ್ನಾಗಿಯೇ ನಟಿಸಿದೆ. ಇವನು ‘ಅರ್ಧ ಗಂಟೆ ಸಾಕು’ ಅನ್ನುತ್ತಾನೆ. ಅದು, ‘ಹಹ್ಹ, ನೀವು ಬಿಡೋ ಹಾಗೆ ಕಾಣಲ್ಲ.’ ಇವನು ಮತ್ತೆ, ‘ನಿಮ್ಮ ಬ್ಯಾಂಕ್ ಹತ್ತಿರವೇ ಬರ್ತೀನಿ.’ ಅದು, ‘ಸರಿ, ಬನ್ನಿ!’ ಅಂಕ ಒಂಬತ್ತು, ಷರಾ ‘ಒಳ್ಳೆಯ ಆತ್ಮವಿಶ್ವಾಸ’.

ಅಯ್ಯಾ ಮಹಾರಾಯರೇ, ಬ್ಲಾಕ್ ಆದವನು ಇವನೇ ತಾನೇ?

ಬೇಡ ಅನ್ನುವವರು ‘ಬೇಡ’ ಅನ್ನುವುದಿಲ್ಲ. ಇದು ನಮ್ಮ ಕಡೆಯ ನಾಚಿಕೆ ಮಾತ್ರ ಅಂದುಕೊಳ್ಳಬೇಡಿ. ಆನಿಟಾ ಪೊಮೆರಾಂಟ್ಸ್ ಅನ್ನುವ ಸಂಶೋಧಕಿ 1984ರಲ್ಲಿ ಪ್ರಕಟವಾದ ತಮ್ಮ ಬರಹದಲ್ಲಿ ಇದನ್ನು ಬಿಡಿಸಿ ತೋರಿಸಿದ್ದಾರೆ. ಒಪ್ಪುವ ಮಾತು ಥಟ್ಟನೆ ಬರುತ್ತದೆ. ಒಪ್ಪದ ಮಾತು ತಡವಾಗಿ, ‘ಅದೂ...’ ಅಂತ ಎಳೆದುಕೊಂಡು ಬರುತ್ತದೆ. 1999ರಲ್ಲಿ ಬ್ರಿಟನ್ನಿನ ಸೀಲಿಯಾ ಕಿಟ್ಸಿಂಗರ್ ಮತ್ತು ಹ್ಯಾನಾ ಫ್ರಿತ್ ಇನ್ನೂ ಮುಂದೆ ಹೋಗಿ, ‘ಹುಡುಗಿಯರು ಬಾಯಿಬಿಟ್ಟು ನೋ ಅನ್ನಬೇಕು’ ಅಂತ ಪಾಠ ಹೇಳುವವರನ್ನೇ ತರಾಟೆಗೆ ತೆಗೆದುಕೊಂಡರು. ಅವರ ವಾದ ಸರಳ. ಹೀಗೆ ತಡೆದು, ನೆಪ ಹೇಳಿ ನಿರಾಕರಿಸುವುದು ದಿನಾ ಎಲ್ಲರೂ ಮಾಡುವ ಕೆಲಸ, ಎಲ್ಲರಿಗೂ ಅರ್ಥವಾಗುವ ಭಾಷೆ. ‘ನನಗೆ ಗೊತ್ತಾಗಲಿಲ್ಲ’ ಅನ್ನುವವನು ಗೊತ್ತಾಗದ ಹಾಗೆ ಇರುವವನು.

ನಾನೂ ಗೊತ್ತಾಗದವನಾಗಿದ್ದೆ. ಮದುವೆಗೆ ಮುಂಚೆ ತುಮಕೂರಿನ ಕಡೆ ಹೆಣ್ಣು ನೋಡಲು ಹೋಗಿದ್ದೆವು. ಜೇಬಿನಲ್ಲಿ ಚೀಟಿ, ಅದರಲ್ಲಿ ಆರು ಪ್ರಶ್ನೆ, ಹಿಂದಿನ ರಾತ್ರಿ ಕನ್ನಡಿ ಎದುರು ಉರು ಹೊಡೆದದ್ದು. ಆಕೆ ಆರಕ್ಕೂ ಉತ್ತರ ಕೊಟ್ಟರು. ನಾನು ಗೆದ್ದೆ ಅಂದುಕೊಂಡೆ. ವಾರ ಬಿಟ್ಟು ಮಧ್ಯಸ್ಥರು ಬಂದು, ‘ಹುಡುಗಿ ಇನ್ನೂ ಓದಬೇಕು ಅಂತಾಳೆ’ ಅಂದರು. ನಾನು ಗಂಭೀರವಾಗಿ, ‘ಎಷ್ಟು ವರ್ಷ? ಕಾಯ್ತೀನಿ ಅಂತ ಹೇಳಿ’ ಅಂದೆ. ಅಡುಗೆಮನೆಯಲ್ಲಿ ಅತ್ತಿಗೆ ನಕ್ಕಿದ್ದು ಇವತ್ತಿಗೂ ಕಿವಿಯಲ್ಲಿದೆ. ‘ಜಾತಕ ಕೂಡಿಬರಲಿಲ್ಲ’, ‘ಮನೇಲಿ ಕೇಳಿ ಹೇಳ್ತೀವಿ’, ‘ಈ ವರ್ಷ ಮಾಡೋ ಯೋಚನೆ ಇಲ್ಲ’ ಎಲ್ಲ ಒಂದೇ ಮಾತು ಅಂತ ಅವರೇ ಬಿಡಿಸಿ ಹೇಳಿದರು. ಕನ್ನಡಿ ಹೇಳಿರಲಿಲ್ಲ.

ನಿಮ್ಮ ಆ್ಯಪ್ ಕನ್ನಡಿಗಿಂತ ಒಂದು ಹೆಜ್ಜೆ ಮುಂದೆ ಹೋಗಿದೆ. ಅದರಲ್ಲಿ ‘ಮತ್ತೊಮ್ಮೆ ಪ್ರಯತ್ನಿಸಿ’ ಬಟನ್ ಇದೆ. ನಿರಾಕರಣೆ ಬಂದರೆ ಹಿಂದಕ್ಕೆ ಹೋಗಿ ಬೇರೆ ಮಾತಿನಲ್ಲಿ ಕೇಳು, ಒಪ್ಪುವ ತನಕ ಕೇಳು. ಇದರಿಂದ ಬರುವುದು ಯಾವ ವಿದ್ಯೆ ಅಂತ ನೀವೇ ಹೇಳಿ.

ಸರಿಪಡಿಸುವುದು ಹೇಗೆ ಅಂದರೆ, ಸೂಚನೆಯಲ್ಲಿ ‘ಸ್ವಲ್ಪ ಬಿಗುವಾಗಿರು’ ಅಂತ ಸೇರಿಸಿದರೆ ಸಾಲದು. ನಾಲ್ಕು ಮಾತು ಬಿಗುವಾಗಿದ್ದು ಐದನೆಯದಕ್ಕೆ ಕರಗುತ್ತದೆ. ಆಸಕ್ತಿಯ ಲೆಕ್ಕವನ್ನು ಮಾಡೆಲ್ ಕೈಯಿಂದ ಕಿತ್ತು ನಿಮ್ಮ ಪ್ರೋಗ್ರಾಮಿನಲ್ಲಿ ಇಡಿ. ಹತ್ತಕ್ಕೆ ಮೂರರಿಂದ ಶುರುವಾಗಲಿ, ಯಾಕೆಂದರೆ ಅಪರಿಚಿತನಿಗೆ ಅಷ್ಟೇ ಸಿಗೋದು. ಅವಳು ಹೇಳಿದ್ದನ್ನು ಹಿಡಿದು ಕೇಳಿದರೆ ಒಂದು ಏರಲಿ, ತನ್ನದೇ ಊದಿದರೆ ಒಂದು ಇಳಿಯಲಿ. ಯಾವುದು ಯಾವುದು ಅಂತ ಗುರುತಿಸಲು ಬೇರೆಯಾಗಿ ಇನ್ನೊಮ್ಮೆ ಮಾಡೆಲ್ಲನ್ನೇ ಕೇಳಬಹುದು, ಆದರೆ ‘ಚೆನ್ನಾಗಿದೆಯಾ’ ಅಂತ ಕೇಳಬೇಡಿ, ‘ಅವಳ ಹಿಂದಿನ ಮಾತಿನ ಯಾವ ಪದ ಇದರಲ್ಲಿದೆ’ ಅಂತ ಕೇಳಿ. ಲೆಕ್ಕ ಎರಡಕ್ಕಿಂತ ಇಳಿದರೆ ಪ್ರೋಗ್ರಾಮ್ ಮಾಡೆಲ್ಲನ್ನು ಕರೆಯಲೇಬಾರದು. ಉತ್ತರವೇ ಇಲ್ಲ. ಎಐ ತಾನಾಗಿ ಮೌನವಾಗಿರಲಾರದು. ನೀವು ಕರೆದಾಗಲೆಲ್ಲ ಏನಾದರೂ ಒಂದು ಬರೆದೇ ಬರೆಯುತ್ತದೆ. ಮೌನವನ್ನು ನೀವೇ ಕಟ್ಟಬೇಕು. ಇನ್ನು ಕೆಲವು ಹುಡುಗಿಯರು, ಐದಕ್ಕೆ ಇಬ್ಬರು ಅಂತಿಟ್ಟುಕೊಳ್ಳಿ, ಇವನು ಏನೇ ಮಾಡಿದರೂ ಒಪ್ಪದವರಾಗಿರಲಿ. ಅಲ್ಲಿ ‘ಸರಿ, ಪರವಾಗಿಲ್ಲ’ ಅಂತ ಒಂದೇ ಸಲಕ್ಕೆ ಬಿಟ್ಟವನಿಗೆ ಪೂರ್ತಿ ಅಂಕ ಹೋಗಲಿ.

ಇಷ್ಟು ಮಾಡಿದರೂ ಒಂದು ಕೊರತೆ ಉಳಿಯುತ್ತದೆ. ಆ ಹುಡುಗಿಯ ಕನ್ನಡ ಪುಸ್ತಕದ್ದು. ‘ನನಗೆ ಪರ್ವತಾರೋಹಣ ಬಹಳ ಪ್ರಿಯ’ ಅಂತ ಯಾವ ಬ್ಯಾಂಕಿನ ಹುಡುಗಿ ಟೈಪ್ ಮಾಡುತ್ತಾಳೆ? ಅವಳು ‘ನೀವು’ ಬಿಟ್ಟು ‘ನೀನು’ಗೆ ಬರುವ ಗಳಿಗೆ ಇದೆಯಲ್ಲ, ನಮ್ಮ ಭಾಷೆಯಲ್ಲಿ ಅದೊಂದು ಹೊಸಿಲು. ಯಾರು ಮೊದಲು ದಾಟಿದರು ಅನ್ನುವುದರಲ್ಲಿ ಅರ್ಧ ಸಂಬಂಧ ತಿಳಿಯುತ್ತದೆ. ನಿಮ್ಮ ಯಂತ್ರ ಆರನೇ ಸಾಲಿನಲ್ಲಿ ‘ನೀನು’ ಅಂದು ಎಂಟರಲ್ಲಿ ಮತ್ತೆ ‘ನೀವು’ ಅಂದಿದೆ, ನಿಮ್ಮ ಗೆಳೆಯನಿಗೆ ಅದು ಕಾಣಿಸಿಯೇ ಇಲ್ಲ. ಇದಕ್ಕೆ ನನ್ನ ಹತ್ತಿರ ಮದ್ದಿಲ್ಲ. ಗೊತ್ತಿರುವ ಹೆಂಗಸರ ಕೈಗೆ ಆ ಚಾಟ್ ಕೊಟ್ಟು ಓದಿಸಿ. ಅಂದ ಹಾಗೆ, ನೀವು ನಾಲ್ವರು ಗೆಳೆಯರ ಕೈಲಿ ಬಳಸಿಸಿದಿರಿ, ಒಬ್ಬ ಹುಡುಗಿಗೂ ತೋರಿಸಲಿಲ್ಲವಲ್ಲ?

ಬರೀ ನಿಮ್ಮನ್ನು ಬೈದು ಪ್ರಯೋಜನವಿಲ್ಲ. ಈಗ ಎಲ್ಲ ಕಡೆಯೂ ಹೀಗೇ ಇದೆ. ಫೋನಿನಲ್ಲಿ ಯಾವ ಆ್ಯಪ್ ತೆರೆದರೂ ಎರಡೇ ಬಟನ್, ‘ಹೌದು’ ಮತ್ತು ‘ಆಮೇಲೆ’. ‘ಬೇಡ’ ಅನ್ನುವ ಬಟನ್ ಎಲ್ಲಿ ಹೋಯಿತು? ಸಾಲ ಬೇಡ ಅಂದವನಿಗೆ ಮರುದಿನ ಇನ್ನೊಂದು ನಂಬರಿನಿಂದ ಫೋನ್ ಬರುತ್ತದೆ. ನಮ್ಮ ಕಚೇರಿಯದ್ದೂ ಅದೇ ಕಥೆ. ಮೊದಲು ಕಥೆ ಕಳಿಸುವವರು ತಮ್ಮ ವಿಳಾಸ ಬರೆದ, ಅಂಚೆಚೀಟಿ ಹಚ್ಚಿದ ಲಕೋಟೆಯನ್ನೂ ಜೊತೆಗಿಡುತ್ತಿದ್ದರು. ತಿರಸ್ಕಾರಕ್ಕೆ ಅವರೇ ದುಡ್ಡು ಕೊಟ್ಟಿರುತ್ತಿದ್ದರು ನೋಡಿ. ನಾವು ‘ವಿಷಾದಗಳೊಂದಿಗೆ’ ಅಂತ ಒಂದು ಚೀಟಿ ಇಟ್ಟು ವಾಪಸ್ ಕಳಿಸುತ್ತಿದ್ದೆವು. ಅವರು ಆ ಕಥೆ ಮಡಿಸಿಟ್ಟು ಇನ್ನೊಂದು ಬರೆಯುತ್ತಿದ್ದರು. ಈಗ ಅದೇ ಕಥೆ ಶೀರ್ಷಿಕೆ ಬದಲಿಸಿಕೊಂಡು ಮೂರು ಸಲ ಇಮೇಲ್‌ನಲ್ಲಿ ಬರುತ್ತದೆ. ನಾಲ್ಕನೇ ಸಲ ವಾಟ್ಸ್ಆ್ಯಪ್‌ನಲ್ಲಿ, ‘ಸರ್, ನೋಡಿದ್ರಾ?’ ಅನ್ನುವ ಮಾತಿನ ಜೊತೆ.

ಇರಲಿ. ಆ ‘ಮತ್ತೊಮ್ಮೆ ಪ್ರಯತ್ನಿಸಿ’ ಬಟನ್ ಕಿತ್ತು ಹಾಕಿ, ಮೌನ ಕಟ್ಟಿ, ಒಂದು ತಿಂಗಳು ನಡೆಸಿ. ನಾಲ್ವರಲ್ಲಿ ಎಷ್ಟು ಜನ ಇನ್ನೂ ಬಳಸುತ್ತಿದ್ದಾರೆ, ಎಷ್ಟು ಜನ ಬೇಜಾರಾಗಿ ಬಿಟ್ಟರು ಅಂತ ನನಗೆ ಬರೆಯಿರಿ. ಪ್ರಕಟಿಸುವ ವಿಷಯ... ನೋಡೋಣ.

— ಸಂ.