ಬೋನಸ್, ಅರಿಯರ್ಸ್ ಬಂದ ತಿಂಗಳು ಟಿಡಿಎಸ್ ಸರಿ ಇದೆಯಾ ಅಂತ ನೋಡೋದು ಹೇಗೆ?

"ಏಪ್ರಿಲ್ 2025ರಿಂದ ಗ್ರಾಸ್ 1,20,000, ಹೊಸ ರೆಜೀಮ್, ತಿಂಗಳಿಗೆ ಟಿಡಿಎಸ್ 7,345. ಅಕ್ಟೋಬರ್‌ನಲ್ಲಿ 10,000 ಹೈಕ್ ಕೊಟ್ಟರು, ಏಪ್ರಿಲ್‌ನಿಂದಲೇ ಲೆಕ್ಕ. ಆರು ತಿಂಗಳ ಅರಿಯರ್ಸ್ 60,000, ಬೋನಸ್ ಒಂದು ಲಕ್ಷ. ಟಿಡಿಎಸ್ 33,865 ಹಿಡಿದಿದ್ದಾರೆ! ತಪ್ಪಲ್ವಾ?"

ತಪ್ಪಲ್ಲ. ಆದರೆ ನವೆಂಬರ್ ಸ್ಲಿಪ್ ಬರೋವರೆಗೂ ಪೂರ್ತಿ ನಂಬಬೇಡಿ.

ತಿಂಗಳ ಟಿಡಿಎಸ್ ಆ ತಿಂಗಳ ಸಂಬಳದ ಮೇಲೆ ಹಾಕೋದಲ್ಲ. ಮಾರ್ಚ್‌ವರೆಗೆ ಒಟ್ಟು ಎಷ್ಟು ಬರುತ್ತೆ ಅಂತ ಅಂದಾಜು ಮಾಡಿ, ವರ್ಷದ ತೆರಿಗೆ ತೆಗೆದು, ಈಗಾಗಲೇ ಹಿಡಿದದ್ದನ್ನು ಕಳೆದು, ಉಳಿದದ್ದನ್ನು ಉಳಿದ ತಿಂಗಳಿಗೆ ಹಂಚುತ್ತಾರೆ. ನಿಮ್ಮದನ್ನು ಹಾಗೇ ಕೂಡಿಸಿ ನೋಡಿದೆ.

ಮೊದಲ ಆರು ತಿಂಗಳು 7,20,000, ಮುಂದಿನ ಆರು ತಿಂಗಳು 1,30,000ದಂತೆ 7,80,000, ಮೇಲೆ ಅರಿಯರ್ಸ್, ಬೋನಸ್. ಒಟ್ಟು 16,60,000. ಸ್ಟ್ಯಾಂಡರ್ಡ್ ಡಿಡಕ್ಷನ್ 75,000 ಕಳೆದರೆ 15,85,000. 12 ಲಕ್ಷದವರೆಗಿನ ಸ್ಲ್ಯಾಬ್‌ಗಳಿಗೆ 60,000, ಮೇಲಿನ 3,85,000ಕ್ಕೆ ಶೇ. 15ರಂತೆ 57,750. ಶೇ. 4 ಸೆಸ್ ಸೇರಿಸಿ 1,22,460. ಸೆಪ್ಟೆಂಬರ್‌ವರೆಗೆ 44,070 ಹೋಗಿದೆ. ಬಾಕಿ 78,390.

ಇದನ್ನು ಆರಕ್ಕೆ ಸಮನಾಗಿ ಹಂಚಿದ್ದರೆ ತಿಂಗಳಿಗೆ 13,065 ಆಗ್ತಿತ್ತು. ನಿಮ್ಮವರು ಬೋನಸ್, ಅರಿಯರ್ಸ್‌ನ 1,60,000ದ ಮೇಲಿನ ತೆರಿಗೆ 24,960ನ್ನು ಅದೇ ತಿಂಗಳು ವಸೂಲಿ ಮಾಡಿ, ಉಳಿದದ್ದನ್ನು ಮಾತ್ರ ಆರು ತಿಂಗಳಿಗೆ ಹಾಕಿದ್ದಾರೆ, ಅದು ತಿಂಗಳಿಗೆ 8,905. ಎರಡೂ ಕೂಡಿಸಿದರೆ ಸರಿಯಾಗಿ 33,865. ಎರಡು ದಾರಿಯಲ್ಲೂ ಮಾರ್ಚ್‌ವರೆಗೆ ಹೋಗುವ ಒಟ್ಟು ದುಡ್ಡು ಒಂದೇ. ಕೈಗೆ ಬರೋ ತಿಂಗಳು ಮಾತ್ರ ಬೇರೆ.

ಹಾಗಾಗಿ ನವೆಂಬರ್‌ನಲ್ಲಿ 8,905 ಇರಬೇಕು. ಅದಕ್ಕಿಂತ ತುಂಬಾ ಜಾಸ್ತಿ ಇದ್ದರೆ ಟ್ಯಾಕ್ಸ್ ಶೀಟ್ ತೆಗೆದು, ಮುಂದಿನ ತಿಂಗಳುಗಳ ಅಂದಾಜಿನ ಕಾಲಮ್‌ನಲ್ಲಿ ಅರಿಯರ್ಸ್ ಸಾಲು ನೋಡಿ. ಅಲ್ಲಿ ಸೊನ್ನೆ ಇರಬೇಕು. ನನ್ನ ಹಳೇ ಆಫೀಸಲ್ಲಿ ಅದನ್ನು ಪ್ರತಿ ತಿಂಗಳೂ ಬರೋ ಭತ್ಯೆ ಅಂತ ಹಾಕಿಬಿಟ್ಟಿದ್ದರು, ಕಾಣದ ದುಡ್ಡಿಗೆ ಎರಡು ತಿಂಗಳು ತೆರಿಗೆ ಕಟ್ಟಿದೆ. ನಿಮ್ಮ ಲೆಕ್ಕದಲ್ಲಿ ಹಾಗಾದರೆ ವರ್ಷದ ಆದಾಯ ಸುಮ್ನೆ ಮೂರು ಲಕ್ಷ ಉಬ್ಬುತ್ತೆ. ಎಚ್‌ಆರ್‌ಗೆ "ಟಿಡಿಎಸ್ ಜಾಸ್ತಿ" ಅಂತ ಬರೆದರೆ ಸಿದ್ಧ ಉತ್ತರ ಬರುತ್ತೆ, ಆ ಸಾಲಿನ ಸ್ಕ್ರೀನ್‌ಶಾಟ್ ಕಳಿಸಿ.

ಅರಿಯರ್ಸ್ ಇದೇ ವರ್ಷದ್ದಾದ್ದರಿಂದ ತೆರಿಗೆ ರಿಲೀಫ್ ಕೇಳೋ ಫಾರ್ಮ್ 10ಇ ಬೇಡ. ಹಿಂದಿನ ಹಣಕಾಸು ವರ್ಷದ್ದಾಗಿದ್ದರೆ ಮಾತ್ರ ಸೆಕ್ಷನ್ 89ರ ರಿಲೀಫ್ ಲೆಕ್ಕ ಹಾಕಿ ನೋಡಬೇಕಿತ್ತು.